ಒಂದೇ ಮೀಟಿಂಗ್, ಎರಡು ರೀಕ್ಯಾಪ್: ಮೇಲಿನವರಿಗೆ ಎಷ್ಟು ಉದ್ದ, ಮೀಟಿಂಗ್‌ನಲ್ಲಿ ಕೂತಿದ್ದವರಿಗೆ ಎಷ್ಟು ಉದ್ದ

ಮೀಟಿಂಗ್ ಮುಗಿದ ಮೇಲೆ ರೀಕ್ಯಾಪ್ ಬರೆಯುವ ಕೆಲಸ ಹನ್ನೆರಡು ವರ್ಷದಿಂದ ನನ್ನ ಪಾಲಿಗೆ ಬರುತ್ತಿದೆ. ಡೈರೆಕ್ಟರ್‌ಗೆ ಚಿಕ್ಕದು, ಟೀಮಿಗೆ ದೊಡ್ಡದು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಎಷ್ಟು ಚಿಕ್ಕದು, ಯಾವುದನ್ನು ಬಿಟ್ಟರೆ ಚಿಕ್ಕದಾಗಬೇಕು ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ. ಅದನ್ನೇ ಇಲ್ಲಿ ಒಂದು ಮೀಟಿಂಗ್ ಇಟ್ಟುಕೊಂಡು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಹಿಂದೆ ಒಂದು ಕಡೆ ಕೆಲಸ ಮಾಡುವಾಗ, ಒಂದೂವರೆ ಪುಟದ ರೀಕ್ಯಾಪ್ ಬರೆದು ಡೈರೆಕ್ಟರ್ ಸೇರಿ ಎಲ್ಲರಿಗೂ ಅದನ್ನೇ ಕಳಿಸಿದೆ. ಅವರು ಒಪ್ಪಿಗೆ ಕೊಡಬೇಕಾಗಿದ್ದ ಒಂದು ಖರ್ಚು ಹದಿನಾಲ್ಕನೇ ಸಾಲಿನಲ್ಲಿತ್ತು. ಅವರು ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಕಾರಿನ ಹಿಂದಿನ ಸೀಟಲ್ಲಿ ಕೂತು ಫೋನಿನಲ್ಲಿ ಮೇಲ್ ತೆರೆದಿದ್ದಾರೆ, ಮೊದಲ ನಾಲ್ಕು ಸಾಲು ಓದಿ, ಇದು ಟೀಮಿನ ವಿಷಯ ಅಂದುಕೊಂಡು ಮುಚ್ಚಿದ್ದಾರೆ. ಒಪ್ಪಿಗೆಯ ದಿನ ದಾಟಿಹೋಯಿತು. ಅದಾದ ಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಎಲ್ಲರಿಗೂ ಮೂರೇ ಸಾಲು. ಆಗ "ಐಟಿಯವರ ಪಟ್ಟಿ ಬಂದ ಮೇಲೆ ಎಣಿಕೆ ಶುರು" ಅನ್ನುವ ಮಾತು ಬಿಟ್ಟುಹೋಗಿ, ಗೋಡೌನ್ ಹುಡುಗರು ಎರಡು ದಿನ ಎಣಿಸಿದ್ದನ್ನು ಪೂರ್ತಿ ಮತ್ತೆ ಎಣಿಸಬೇಕಾಯಿತು. ಆ ಹುಡುಗರ ಮುಖ ನನಗೆ ಇವತ್ತಿಗೂ ನೆನಪಿದೆ.

ಈ ಎರಡರಿಂದ ಕಲಿತದ್ದು ಇಷ್ಟು. ರೀಕ್ಯಾಪ್‌ನ ಉದ್ದ ಓದುವವರ ಹುದ್ದೆ ನೋಡಿ ನಿರ್ಧಾರವಾಗುವುದಿಲ್ಲ. ಅವರಿಗೆ ಈಗಾಗಲೇ ಏನು ಗೊತ್ತಿದೆ, ಓದಿದ ಮೇಲೆ ಅವರು ಏನು ಮಾಡಬೇಕು, ಈ ಎರಡರ ನಡುವಿನ ಅಂತರ ಎಷ್ಟೋ ಅಷ್ಟು ಉದ್ದ. ಮೀಟಿಂಗ್‌ನಲ್ಲಿ ಕೂತಿದ್ದವರಿಗೆ ಕಥೆ ಗೊತ್ತು, ಆದರೆ ಒಪ್ಪಿಕೊಂಡ ಕೆಲಸದ ವಿವರ ಮರೆಯುತ್ತದೆ. ಮೇಲಿನವರಿಗೆ ಕಥೆ ಗೊತ್ತಿಲ್ಲ, ಆದರೆ ಅವರು ಮಾಡಬೇಕಾದದ್ದು ಸಾಮಾನ್ಯವಾಗಿ ಒಂದೇ ಒಂದು ಕೆಲಸ. ಹಾಗಾಗಿ ಒಂದನ್ನು ಕತ್ತರಿಸಿ ಇನ್ನೊಂದು ಮಾಡಲು ಆಗುವುದಿಲ್ಲ. ಬಿಡುವ ವಿಷಯವೇ ಬೇರೆ ಬೇರೆ.

ನಮ್ಮ ಉದಾಹರಣೆ

ಪೀಣ್ಯದಲ್ಲಿ ಮೆಷಿನ್ ಬಿಡಿಭಾಗ ಮಾರುವ ಒಂದು ಕಂಪನಿ ಅಂತ ಇಟ್ಟುಕೊಳ್ಳಿ. ಗೋಡೌನ್‌ನಲ್ಲಿ 4,200 ಬಗೆಯ ಐಟಂ. ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ 12ನೇ ತಾರೀಖು ಭಾನುವಾರ ಬದಲಾಗಬೇಕಿತ್ತು. 2ನೇ ತಾರೀಖು ಗುರುವಾರ ಮೀಟಿಂಗ್ ಆಯಿತು, ಏಳು ಜನ, 55 ನಿಮಿಷ. ಡೈರೆಕ್ಟರ್ ಇರಲಿಲ್ಲ.

ಮಾತಾಡಿದ್ದು ಬಹಳ. 340 ಐಟಂಗಳಲ್ಲಿ ಸ್ಟಾಕ್ ಲೆಕ್ಕ ತಾಳೆಯಾಗುತ್ತಿಲ್ಲ. ಅದರಲ್ಲಿ 260ಕ್ಕೆ ಕಾರಣ ಸಿಕ್ಕಿದೆ: ಹಳೇ ಸಾಫ್ಟ್‌ವೇರ್‌ನಲ್ಲಿ ಬಾಕ್ಸ್ ಲೆಕ್ಕ, ಹೊಸದರಲ್ಲಿ ಪೀಸ್ ಲೆಕ್ಕ. ಹತ್ತು ಬೇರಿಂಗ್ ಇರುವ ಒಂದು ಡಬ್ಬ ಅಲ್ಲಿ 1, ಇಲ್ಲಿ 10. ಉಳಿದ 80 ಐಟಂ ಕೈಯಲ್ಲೇ ಎಣಿಸಿ ನೋಡಬೇಕು. ಯಾರ ತಪ್ಪು ಅಂತ ಹತ್ತು ನಿಮಿಷ ವಾದ ಆಯಿತು. ಕೊನೆಗೆ ದಿನಾಂಕ 26ರ ಭಾನುವಾರಕ್ಕೆ ಹೋಯಿತು. ಆದರೆ ಹಳೇ ಸಾಫ್ಟ್‌ವೇರ್‌ನ ಸಪೋರ್ಟ್ ಒಪ್ಪಂದ 15ಕ್ಕೆ ಮುಗಿಯುತ್ತದೆ. ಒಂದು ತಿಂಗಳು ಮುಂದುವರಿಸಲು 85,000 ರೂಪಾಯಿ, ಅದನ್ನು ಡೈರೆಕ್ಟರ್ ಒಪ್ಪಬೇಕು.

ಹಂತ 1: ನೋಟ್ಸ್‌ನ ಪ್ರತಿ ಸಾಲಿಗೂ ಒಂದು ಗುರುತು ಹಾಕಿ

ಬರೆಯಲು ಕೂರುವ ಮೊದಲು ನಿಮ್ಮ ನೋಟ್ಸ್ ತೆಗೆದುಕೊಂಡು ಪ್ರತಿ ಸಾಲಿನ ಪಕ್ಕ ಇದು ಏನು ಅಂತ ಬರೆಯಿರಿ: ತೀರ್ಮಾನ, ಕೆಲಸ, ಷರತ್ತು, ಉಳಿದ ಪ್ರಶ್ನೆ, ಸುಮ್ನೆ ಮಾತು. ಐದೇ ಗುರುತು. ನಮ್ಮ ಉದಾಹರಣೆಯಲ್ಲಿ ನೋಟ್ಸ್ 31 ಸಾಲು ಇದ್ದರೆ, "ಸುಮ್ನೆ ಮಾತು" ಅಂತ 18 ಸಾಲಿಗೆ ಬೀಳುತ್ತದೆ. ಹೆದರಬೇಡಿ, ಅದು ಸಹಜ.

ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಾಗಿರುವುದು ಷರತ್ತಿಗೆ. ಮಾತಿನಲ್ಲಿ ಅದು ತೀರ್ಮಾನದ ಬಾಲದ ಹಾಗೆ ಬರುತ್ತದೆ. "26ಕ್ಕೆ ಮಾಡೋಣ, ಆದ್ರೆ 20ಕ್ಕೆ ಇನ್ನೂ ಇಪ್ಪತ್ತಕ್ಕಿಂತ ಜಾಸ್ತಿ ಐಟಂ ತಾಳೆ ಆಗದಿದ್ರೆ ಬೇಡ" ಅಂತ ಗೋಡೌನ್‌ನವರು ಹೇಳಿದ್ದನ್ನು ನಾವು "26ಕ್ಕೆ" ಅಂತಷ್ಟೇ ಬರೆದುಕೊಂಡಿರುತ್ತೇವೆ. ಚಿಕ್ಕದು ಮಾಡುವಾಗ ಮೊದಲು ಸಾಯುವುದು ಇಂಥ "ಆದ್ರೆ"ಗಳೇ. ಆದ್ದರಿಂದ ಷರತ್ತುಗಳನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಎರಡೂ ರೀಕ್ಯಾಪ್‌ಗಳಲ್ಲಿ ಅದು ಉಳಿಯಬೇಕು.

ಹಂತ 2: ಕೂತಿದ್ದವರದ್ದನ್ನು ಮೊದಲು ಬರೆಯಿರಿ

ಯಾವಾಗಲೂ ಟೀಮಿನದ್ದೇ ಮೊದಲು. ಅದನ್ನು ಓದಿ ತಿದ್ದುವವರು ಮೀಟಿಂಗ್‌ನಲ್ಲಿದ್ದವರು, ಹಾಗಾಗಿ ಲೆಕ್ಕ, ದಿನಾಂಕ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಡೈರೆಕ್ಟರ್‌ಗೆ ಮೊದಲು ಹೋಗಿ, ಆಮೇಲೆ ತಿದ್ದುಪಡಿ ಹೋದರೆ ಅವರು ಎರಡನ್ನೂ ನಂಬುವುದಿಲ್ಲ.

ಇದರಲ್ಲಿ ಬಿಡಬೇಕಾದದ್ದು ಕಥೆ. ಲೆಕ್ಕ ಏಕೆ ತಾಳೆಯಾಗಲಿಲ್ಲ, ಯಾರು ಏನಂದರು, ಮೊದಲು ಯಾವ ದಿನಾಂಕ ಬಂತು, ಯಾವುದೂ ಬೇಡ. ಅವರು ಅಲ್ಲೇ ಕೂತು ಕೇಳಿದ್ದಾರೆ. ಕೇಳಿದ್ದನ್ನೇ ಮತ್ತೆ ಓದಿಸಿದರೆ ಮೂರನೇ ಸಾಲಿಗೆ ಕಣ್ಣು ಜಾರುತ್ತದೆ, ಆರನೇ ಸಾಲಿನಲ್ಲಿರುವ ತಮ್ಮ ಕೆಲಸ ಕಾಣುವುದೇ ಇಲ್ಲ.

ಉಳಿಸಬೇಕಾದದ್ದು: ಏನು ಬದಲಾಯಿತು, ಯಾವ ನಿಯಮಕ್ಕೆ ಒಪ್ಪಿದೆವು, ಯಾರು ಏನು ಯಾವತ್ತಿನೊಳಗೆ, ಯಾವ ಷರತ್ತು, ಏನು ತೀರ್ಮಾನವಾಗದೆ ಉಳಿಯಿತು. ಒಂದು ಕೆಲಸಕ್ಕೆ ಒಂದು ಸಾಲು. ಹೆಸರು ಸಾಲಿನ ಶುರುವಿನಲ್ಲೇ ಇರಲಿ, ಎಲ್ಲರೂ ಮೊದಲು ತಮ್ಮ ಹೆಸರನ್ನೇ ಹುಡುಕುತ್ತಾರೆ. ಕೆಳಗೆ ಹೆಸರಿನ ಜಾಗದಲ್ಲಿ ವಿಭಾಗ ಹಾಕಿದ್ದೇನೆ. ನಮ್ಮ ಆಫೀಸುಗಳಲ್ಲಿ ಮೇಲ್ ಹೆಚ್ಚಾಗಿ ಇಂಗ್ಲಿಷಿನಲ್ಲೇ ಹೋಗುತ್ತದೆ, ನಿಮ್ಮಲ್ಲಿ ಹೇಗೋ ಹಾಗೆ ಬರೆಯಿರಿ. ಅಳತೆ ಬದಲಾಗುವುದಿಲ್ಲ.

> ವಿಷಯ: ಹೊಸ ಸಾಫ್ಟ್‌ವೇರ್ 26ಕ್ಕೆ. ಯಾರ ಕೆಲಸ ಯಾವಾಗ
>
> ಬದಲಾದದ್ದು: 12ರ ಬದಲು 26, ಭಾನುವಾರ.
>
> ಒಪ್ಪಿದ ನಿಯಮ: ಇನ್ನು ಮೇಲೆ ಎಲ್ಲ ಐಟಂ ಪೀಸ್ ಲೆಕ್ಕ. ಬಾಕ್ಸ್ ಲೆಕ್ಕ ಇಲ್ಲ.
>
> ಐಟಿ: 260 ಐಟಂ ಪೀಸ್ ಲೆಕ್ಕಕ್ಕೆ ತರುವುದು, 9ರ ಗುರುವಾರದೊಳಗೆ. ಮುಗಿದ ಪಟ್ಟಿ ಗೋಡೌನ್‌ಗೆ ಕಳಿಸುವುದು.
>
> ಗೋಡೌನ್: ಉಳಿದ 80 ಐಟಂ ಮರು ಎಣಿಕೆ, 14ರ ಮಂಗಳವಾರದೊಳಗೆ. ಐಟಿ ಪಟ್ಟಿ ಕೈಗೆ ಬಂದ ಮೇಲಷ್ಟೇ ಶುರು.
>
> ಸೇಲ್ಸ್: 25ರ ಮಧ್ಯಾಹ್ನದಿಂದ ಡಿಸ್ಪ್ಯಾಚ್ ಇಲ್ಲ ಅಂತ ದೊಡ್ಡ ಗ್ರಾಹಕರಿಗೆ ಫೋನ್, 18ರ ಶನಿವಾರದೊಳಗೆ.
>
> ಅಕೌಂಟ್ಸ್: ಹಳೆಯದರಲ್ಲಿ ಕೊನೆಯ ಬಿಲ್ 25ರ ಸಂಜೆ 6ಕ್ಕೆ. 26ರಿಂದ ಹೊಸ ಇನ್‌ವಾಯ್ಸ್ ಸರಣಿ. ಈ ತಿಂಗಳ ಜಿಎಸ್‌ಟಿಆರ್-1ರಲ್ಲಿ ಎರಡೂ ಸರಣಿ ತೋರಿಸುವುದು.
>
> ಷರತ್ತು: 20ರ ಸೋಮವಾರ 20ಕ್ಕಿಂತ ಹೆಚ್ಚು ಐಟಂ ತಾಳೆಯಾಗದಿದ್ದರೆ 26 ಇಲ್ಲ. ಸಪೋರ್ಟ್ ಮುಂದುವರಿಸಲು ಡೈರೆಕ್ಟರ್ ಒಪ್ಪಿಗೆ ಕೇಳುತ್ತಿದ್ದೇವೆ.
>
> ಉಳಿದದ್ದು: ಎರಡನೇ ಲೇಬಲ್ ಪ್ರಿಂಟರ್ ಬೇಕೇ? 9ರಂದು ಮಾತು.
>
> ಏನಾದರೂ ತಪ್ಪಿದ್ದರೆ ಇವತ್ತು ಸಂಜೆ 7ರೊಳಗೆ ಹೇಳಿ.

ಒಂಬತ್ತು ಅಂಶ. ಇದನ್ನು ಐದಕ್ಕೆ ಇಳಿಸಬಹುದಾ? ಆಗುವುದಿಲ್ಲ. ನಾಲ್ಕು ವಿಭಾಗಕ್ಕೆ ಕೆಲಸ ಇದೆ, ನಾಲ್ಕು ಸಾಲು ಬೇಕೇ ಬೇಕು. ಅಂದರೆ ಟೀಮಿನ ರೀಕ್ಯಾಪ್‌ನ ಉದ್ದವನ್ನು ನಿರ್ಧರಿಸುವುದು ಮೀಟಿಂಗ್ ಎಷ್ಟು ಹೊತ್ತು ನಡೆಯಿತು ಅನ್ನುವುದಲ್ಲ, ಎಷ್ಟು ಕೆಲಸ ಹುಟ್ಟಿತು ಅನ್ನುವುದು. ಎರಡು ಗಂಟೆ ಮಾತಾಡಿ ಒಂದೇ ಕೆಲಸ ಹುಟ್ಟಿದ್ದರೆ ರೀಕ್ಯಾಪ್ ಮೂರು ಸಾಲಿಗೆ ಮುಗಿಯಬೇಕು. ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಕೆಲಸ ಹುಟ್ಟಿದ್ದರೆ ಹನ್ನೊಂದು ಸಾಲು ಬರಲಿ, ಅದು ಉದ್ದ ಅಂತ ಯಾರೂ ಬೈಯುವುದಿಲ್ಲ.

ಆ ಕೊನೆಯ ಸಾಲು ಮುಖ್ಯ. ಸಮಯ ಕೊಡದೆ "ತಪ್ಪಿದ್ದರೆ ತಿಳಿಸಿ" ಅಂದರೆ ಯಾರೂ ತಿಳಿಸುವುದಿಲ್ಲ. ಸಂಜೆ ಏಳು ಅಂದರೆ ನೋಡುತ್ತಾರೆ.

ಹಂತ 3: ಮೇಲಿನವರದ್ದನ್ನು ಹೊಸ ಹಾಳೆಯಲ್ಲಿ ಬರೆಯಿರಿ

ಟೀಮಿನ ರೀಕ್ಯಾಪ್ ಕಾಪಿ ಮಾಡಿ ಸಾಲು ಅಳಿಸುತ್ತಾ ಹೋಗಬೇಡಿ. ಹಾಗೆ ಮಾಡಿದರೆ ಉಳಿಯುವುದು ಕೆಲಸದ ತುಣುಕುಗಳು, ಕಾರಣ ಎಲ್ಲೂ ಇರುವುದಿಲ್ಲ. ಮೀಟಿಂಗ್‌ನಲ್ಲಿ ಇಲ್ಲದವರಿಗೆ "260 ಐಟಂ ಪೀಸ್ ಲೆಕ್ಕಕ್ಕೆ" ಅಂದರೆ ಏನು ಅರ್ಥವಾಗಬೇಕು?

ಖಾಲಿ ಹಾಳೆಯಲ್ಲಿ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ಇದನ್ನು ಓದಿದ ಮೇಲೆ ಅವರು ಏನು ಮಾಡಬೇಕು? ಮೂರರಲ್ಲಿ ಒಂದು ಇರುತ್ತದೆ. ಒಪ್ಪಿಗೆ ಕೊಡಬೇಕು, ಯಾರಿಗಾದರೂ ಹೇಳಬೇಕು, ಅಥವಾ ಏನೂ ಮಾಡಬೇಕಾಗಿಲ್ಲ, ಗೊತ್ತಿದ್ದರೆ ಸಾಕು. ಉದ್ದ ಇಲ್ಲಿಂದಲೇ ಹೊರಡುತ್ತದೆ. ಗೊತ್ತಿದ್ದರೆ ಸಾಕು ಅನ್ನುವುದಾದರೆ ಎರಡು ಸಾಲು ಸಾಕು. ಒಪ್ಪಿಗೆ ಬೇಕಾದರೆ ನಾಲ್ಕೈದು ಸಾಲು ಬೇಕು, ಯಾಕೆಂದರೆ ದುಡ್ಡಿಗೆ ಒಪ್ಪಿಗೆ ಕೊಡುವವರಿಗೆ ಕಾರಣ ಬೇಕು, ಕೊಡದಿದ್ದರೆ ಏನಾಗುತ್ತದೆ ಅನ್ನುವುದೂ ಬೇಕು.

> ವಿಷಯ: ಒಪ್ಪಿಗೆ ಬೇಕು, 6ರ ಸೋಮವಾರದೊಳಗೆ: ಹಳೇ ಸಾಫ್ಟ್‌ವೇರ್ ಸಪೋರ್ಟ್‌ಗೆ 85,000 ರೂ.
>
> ಸರ್, ಹಳೇ ಸಾಫ್ಟ್‌ವೇರ್‌ನ ಸಪೋರ್ಟ್ ಒಂದು ತಿಂಗಳು ಮುಂದುವರಿಸಲು 85,000 ರೂಪಾಯಿಗೆ ನಿಮ್ಮ ಒಪ್ಪಿಗೆ ಬೇಕು. ಹೊಸ ಸಾಫ್ಟ್‌ವೇರ್‌ಗೆ ಬದಲಾಗುವುದು 12ರಿಂದ 26ಕ್ಕೆ ಹೋಗಿದೆ, ಸಪೋರ್ಟ್ 15ಕ್ಕೆ ಮುಗಿಯುತ್ತದೆ.
>
> ಕಾರಣ: 4,200 ಐಟಂಗಳಲ್ಲಿ 340ರ ಸ್ಟಾಕ್ ತಾಳೆಯಾಗಿಲ್ಲ. 260ಕ್ಕೆ ಕಾರಣ ಗೊತ್ತಾಗಿದೆ, ಸರಿ ಮಾಡುತ್ತಿದ್ದೇವೆ. 80 ಮರು ಎಣಿಕೆ ಆಗಬೇಕು.
>
> ಒಪ್ಪಿಗೆ ಸಿಗದಿದ್ದರೆ 15ರಿಂದ 26ರವರೆಗೆ ಬಿಲ್ಲಿಂಗ್ ನಿಂತರೆ ನೋಡುವವರು ಯಾರೂ ಇರುವುದಿಲ್ಲ.
>
> 20ರ ಸೋಮವಾರ ಮತ್ತೊಮ್ಮೆ ನೋಡುತ್ತೇವೆ. ಆಗಲೂ 20ಕ್ಕಿಂತ ಹೆಚ್ಚು ಐಟಂ ಉಳಿದಿದ್ದರೆ 26 ಕೂಡ ಮುಂದೆ ಹೋಗುತ್ತದೆ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಡೈರೆಕ್ಟರ್‌ರದ್ದು ಚಿಕ್ಕದು, ಆದರೆ ಟೀಮಿನದ್ದರಲ್ಲಿ ಇಲ್ಲದ ನಾಲ್ಕು ವಿಷಯ ಇದರಲ್ಲಿದೆ: ಕಾರಣ, ಒಟ್ಟು ಐಟಂ ಎಷ್ಟು, 85,000, ಒಪ್ಪದಿದ್ದರೆ ಏನು. 340 ಅಂತ ಮಾತ್ರ ಬರೆದರೆ ದೊಡ್ಡ ಅನಾಹುತದ ಹಾಗೆ ಕಾಣುತ್ತದೆ. 4,200ರಲ್ಲಿ 340 ಅಂದಾಗ ಅಳತೆ ಸಿಗುತ್ತದೆ. ಟೀಮಿಗೆ ಆ 4,200 ಬೇಕಾಗಿಲ್ಲ, ಅವರು ದಿನಾ ಅದರ ಮಧ್ಯೆಯೇ ಓಡಾಡುತ್ತಾರೆ.

ಇನ್ನೊಂದು ವ್ಯತ್ಯಾಸ ನೋಡಿ. ಟೀಮಿನದ್ದರಲ್ಲಿ ಪ್ರತಿ ಸಾಲಿಗೂ ಹೆಸರಿದೆ, ಇದರಲ್ಲಿ ಯಾರ ಹೆಸರೂ ಇಲ್ಲ. ಟೀಮಿನಲ್ಲಿ ಹೆಸರು ಬಂದರೆ ಅದು ಕೆಲಸ. ಡೈರೆಕ್ಟರ್‌ಗೆ ಹೋಗುವ ಮೇಲ್‌ನಲ್ಲಿ "ಗೋಡೌನ್‌ನ ಇಂಥವರು 80 ಐಟಂ ಮತ್ತೆ ಎಣಿಸಬೇಕು" ಅಂತ ಬಂದರೆ ಅದು ದೂರು. ಬರೆದವರಿಗೆ ಆ ಉದ್ದೇಶ ಇಲ್ಲದಿದ್ದರೂ ಓದುವವರಿಗೆ ಹಾಗೇ ಕಾಣುತ್ತದೆ. ಚಿಕ್ಕದು ಮಾಡುವಾಗ ಸುತ್ತಲಿನ ವಿವರ ಹೋಗಿ ಹೆಸರೊಂದೇ ಉಳಿದುಬಿಡುತ್ತದೆ, ಅಲ್ವಾ? ಹಾಗಾಗಿ ಅವರಾಗಿ ಕೇಳುವವರೆಗೂ ಹೆಸರು ಬೇಡ.

ಜಿಎಸ್‌ಟಿ ವಿಷಯ ಇಲ್ಲಿ ಯಾಕಿಲ್ಲ ಅಂತ ಅಕೌಂಟ್ಸ್ ಮೇಡಂ ಕೇಳಬಹುದು. ಆ ರಿಟರ್ನ್ ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮುಂದಿನ ತಿಂಗಳ 11ರೊಳಗೆ ಹೋಗಬೇಕು, ತಪ್ಪಾದರೆ ತಲೆನೋವು, ನಿಜ. ಆದರೆ ಅದನ್ನು ಮಾಡುವವರಿದ್ದಾರೆ, ದಾರಿಯೂ ಗೊತ್ತಿದೆ, ಡೈರೆಕ್ಟರ್ ಮಾಡಬೇಕಾದದ್ದು ಏನೂ ಇಲ್ಲ. ವಿಷಯ ಮುಖ್ಯವೇ ಅಂತ ಕೇಳಿಕೊಂಡರೆ ಎಲ್ಲವೂ ಒಳಗೆ ಬಂದುಬಿಡುತ್ತದೆ. ಅವರ ಕೈಯಲ್ಲಿ ಏನಾದರೂ ಇದೆಯೇ ಅಂತ ಕೇಳಿಕೊಳ್ಳಿ.

ಹಂತ 4: ಕಳಿಸುವ ಮೊದಲು ಎರಡು ಪರೀಕ್ಷೆ

ಡೈರೆಕ್ಟರ್‌ರದ್ದಕ್ಕೆ ಫೋನ್ ಪರೀಕ್ಷೆ. ಮೇಲನ್ನು ಮೊದಲು ನಿಮಗೇ ಕಳಿಸಿಕೊಂಡು ಫೋನಿನಲ್ಲಿ ತೆರೆಯಿರಿ. ಬೆರಳು ಆಡಿಸದೆ ಕಾಣುವಷ್ಟರಲ್ಲಿ ನೀವು ಕೇಳಿದ್ದೇನು, ಯಾವತ್ತಿನೊಳಗೆ, ಎಷ್ಟು ದುಡ್ಡು ಇದೆಯೇ? ಕಾರಣ ಕೆಳಗೆ ಹೋದರೂ ಪರವಾಗಿಲ್ಲ. ಆಮೇಲೆ ವಿಷಯದ ಸಾಲು ಮಾತ್ರ ಓದಿ. ಉಳಿದದ್ದನ್ನು ತೆರೆಯದೇ ಹೋದರೂ ಅವರಿಗೆ ಏನು ಬೇಕು ಅಂತ ಗೊತ್ತಾಗಬೇಕು. "ಮೀಟಿಂಗ್ ರೀಕ್ಯಾಪ್, 2ನೇ ತಾರೀಖು" ಅನ್ನುವ ವಿಷಯದ ಸಾಲು ಹುಡುಕುವವರಿಗೆ ಸರಿ, ಒಪ್ಪಿಗೆ ಕೊಡಬೇಕಾದವರಿಗೆ ಏನೂ ಹೇಳುವುದಿಲ್ಲ.

ಟೀಮಿನದ್ದಕ್ಕೆ ಬೇರೆ ಪರೀಕ್ಷೆ. ಒಂದು ಕೆಲಸದ ಸಾಲನ್ನು ಮಾತ್ರ ಕತ್ತರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದೊಂದೇ ಅರ್ಥವಾಗುತ್ತದೆಯೇ? ನಿಜವಾಗಿ ಆಗುವುದೂ ಅದೇ. ಗೋಡೌನ್ ಮೇಲ್ವಿಚಾರಕರು ತಮ್ಮ ಸಾಲಿನ ಸ್ಕ್ರೀನ್‌ಶಾಟ್ ತೆಗೆದು ಹುಡುಗರ ಗ್ರೂಪಿಗೆ ಹಾಕುತ್ತಾರೆ. "ಐಟಿ ಪಟ್ಟಿ ಕೈಗೆ ಬಂದ ಮೇಲಷ್ಟೇ ಶುರು" ಅನ್ನುವುದು ಅದೇ ಸಾಲಿನಲ್ಲಿ ಇರಬೇಕಾದದ್ದು ಅದಕ್ಕೇ. ಅದನ್ನು ಕೆಳಗೆ "ಸೂಚನೆ" ಅಂತ ಬೇರೆ ಹಾಕಿದರೆ ಸ್ಕ್ರೀನ್‌ಶಾಟ್‌ನಲ್ಲಿ ಬರುವುದಿಲ್ಲ.

ಕೊನೆಗೆ ಎರಡನ್ನೂ ಒಟ್ಟಿಗೆ ಇಟ್ಟು ದಿನಾಂಕ, ಅಂಕಿ ತಾಳೆ ನೋಡಿ. ಒಂದರಲ್ಲಿ 340, ಇನ್ನೊಂದರಲ್ಲಿ "ಸುಮಾರು 350" ಇರಬಾರದು. ಮೇಲಿನವರಿಗೆ ಹೋದದ್ದನ್ನು ಟೀಮಿನವರು ಇವತ್ತಲ್ಲ ನಾಳೆ ನೋಡಿಯೇ ನೋಡುತ್ತಾರೆ. ಉದ್ದ ಬೇರೆ ಇರಲಿ, ಸತ್ಯ ಒಂದೇ ಇರಲಿ.

ಉತ್ತರ ನೋಡಿ ಅಳತೆ ಸರಿ ಮಾಡಿಕೊಳ್ಳಿ

ಉದ್ದ ಸರಿಯಾಗಿತ್ತೇ ಅನ್ನುವುದು ವಾಪಸ್ ಬರುವ ಉತ್ತರದಲ್ಲಿ ಗೊತ್ತಾಗುತ್ತದೆ. ಡೈರೆಕ್ಟರ್ "ಸರಿ, ನನ್ನಿಂದ ಏನು ಬೇಕು?" ಅಂದರೆ ನೀವು ಕೇಳಿದ್ದು ಕೆಳಗೆ ಹೂತುಹೋಗಿದೆ. "ಯಾಕೆ?" ಅಂತ ಒಂದೇ ಪದ ಬಂದರೆ ಜಾಸ್ತಿ ಕತ್ತರಿಸಿದ್ದೀರಿ, ಕಾರಣದ ಸಾಲು ಹೋಗಿದೆ. ನಿಮ್ಮನ್ನು ಬಿಟ್ಟು ಟೀಮಿನ ಬೇರೆ ಯಾರಿಗೋ ಫೋನ್ ಮಾಡಿ ಕೇಳಿದ್ದಾರೆ ಅಂದರೆ ಅದು ಇನ್ನೂ ದೊಡ್ಡ ಸೂಚನೆ: ಮೇಲ್ ಓದಿದ್ದಾರೆ, ನಂಬಿಲ್ಲ. ಸಾಮಾನ್ಯವಾಗಿ ಅಂಕಿ ಇಲ್ಲದೆ "ಕೆಲವು ಐಟಂಗಳಲ್ಲಿ ಸಮಸ್ಯೆ" ಅಂತ ಬರೆದಾಗ ಹೀಗಾಗುತ್ತದೆ.

ಟೀಮಿನಿಂದ "ನಾನು ಇದಕ್ಕೆ ಒಪ್ಪಿದ್ದೆನಾ?" ಅಂತ ಬಂದರೆ ಅವರ ಷರತ್ತನ್ನು ಬಿಟ್ಟಿದ್ದೀರಿ. ಎರಡು ದಿನ ಬಿಟ್ಟು "ಯಾವತ್ತಿಗೆ ಅಂದಿದ್ರಿ?" ಅಂತ ಕೇಳಿದರೆ ಮೇಲ್ ಉದ್ದವಾಗಿತ್ತು, ಅವರ ಸಾಲು ಕಣ್ಣಿಗೆ ಬಿದ್ದಿಲ್ಲ.

ಎರಡು ಕಡೆಯೂ ಸೇರದವರು

ಮೀಟಿಂಗ್‌ಗೆ ಬಂದು ಹತ್ತು ನಿಮಿಷ ಕೂತು ಎದ್ದುಹೋಗುವ ಮೇಲಿನವರು ಎಲ್ಲ ಆಫೀಸಿನಲ್ಲೂ ಇದ್ದಾರೆ. ಇವರಿಗೆ ಎಷ್ಟು ಬರೆಯಬೇಕು ಅನ್ನುವುದು ನನಗೆ ಬಹಳ ಕಾಲ ಕಷ್ಟವಾಗಿತ್ತು. ಪೂರ್ತಿ ಕಾರಣ ಬರೆದರೆ "ನಾನು ಇದ್ದೆನಲ್ಲ" ಅನ್ನುತ್ತಾರೆ, ಬಿಟ್ಟರೆ ಆಮೇಲೆ ಬದಲಾದದ್ದು ಗೊತ್ತಾಗುವುದಿಲ್ಲ. ಈಗ ಹೀಗೆ ಮಾಡುತ್ತೇನೆ: ಕಾರಣದ ಭಾಗ ತೆಗೆದು ಆ ಜಾಗದಲ್ಲಿ "ಸರ್, ನೀವು ಹೊರಟಾಗ 19ರ ಮಾತು ನಡೆಯುತ್ತಿತ್ತು, ಎಣಿಕೆಗೆ ಸಮಯ ಸಾಲದು ಅಂತ 26 ಆಯಿತು" ಅಂತ ಒಂದೇ ಸಾಲು ಹಾಕುತ್ತೇನೆ. ಅವರ ತಲೆಯಲ್ಲಿ 19 ಉಳಿದಿರುತ್ತದೆ, ಅದನ್ನು ತೆಗೆಯದೆ 26 ಒಳಗೆ ಹೋಗುವುದಿಲ್ಲ.

ಬೋರ್ಡ್ ಮೀಟಿಂಗ್‌ಗೆ ಈ ಅಳತೆ ಯಾವುದೂ ನಡೆಯುವುದಿಲ್ಲ. ಅದರ ಮಿನಿಟ್ಸ್ ಕಾನೂನಿನ ದಾಖಲೆ, 2013ರ ಕಂಪನಿ ಕಾಯ್ದೆಯ 118ನೇ ಕಲಂ ಪ್ರಕಾರ 30 ದಿನದೊಳಗೆ ಮಿನಿಟ್ಸ್ ಪುಸ್ತಕಕ್ಕೆ ಸೇರಬೇಕು. ಅದನ್ನು ಕಂಪನಿ ಸೆಕ್ರೆಟರಿಗೆ ಬಿಡಿ.

20ರ ರೀಕ್ಯಾಪ್

ನಮ್ಮ ಉದಾಹರಣೆಗೆ ವಾಪಸ್ ಬರೋಣ. ಡೈರೆಕ್ಟರ್ ಸೋಮವಾರ ಬೆಳಿಗ್ಗೆ "ಓಕೆ" ಅಂದರು. 20ರಂದು ಟೀಮ್ ಮತ್ತೆ ಕೂತಿತು. 14 ಐಟಂ ಉಳಿದಿದೆ, ಷರತ್ತಿನೊಳಗೇ ಇದೆ. ಟೀಮಿಗೆ ಈ ಸಲ ಆರು ಸಾಲು ಹೋಗುತ್ತದೆ: 25ರ ಶನಿವಾರ ಯಾರು ಎಷ್ಟು ಗಂಟೆಗೆ ಬರಬೇಕು, ಆ 14 ಐಟಂ ಯಾರ ಕೈಯಲ್ಲಿದೆ, ಭಾನುವಾರ ಏನಾದರೂ ಕೆಟ್ಟರೆ ಹಳೆಯದಕ್ಕೆ ವಾಪಸ್ ಹೋಗುವ ಕೊನೆಯ ಗಂಟೆ ಯಾವುದು.

ಡೈರೆಕ್ಟರ್‌ಗೆ ಕಾರಣ ಗೊತ್ತಿದೆ, ಷರತ್ತು ಗೊತ್ತಿದೆ, ಅವರು ಮಾಡಬೇಕಾದದ್ದು ಏನೂ ಉಳಿದಿಲ್ಲ. ಅಂತರ ಇರುವುದು ಒಂದು ಅಂಕಿಯಷ್ಟೇ. ಹಾಗಾಗಿ ವಿಷಯದ ಸಾಲಿನಲ್ಲೇ ಬರೆದು ಕಳಿಸಿದರೆ ಆಯಿತು, ಒಳಗೆ ಏನೂ ಬೇಡ:

> ಸರ್, 14 ಐಟಂ ಉಳಿದಿದೆ, 26ಕ್ಕೇ ಬದಲಾಗುತ್ತಿದ್ದೇವೆ. ನಿಮ್ಮಿಂದ ಏನೂ ಬೇಕಾಗಿಲ್ಲ.